ಗಿರಾಕಿಯ ದೂರು ಮತ್ತು ದೋಸೆ ಕಾವಲಿ: ಮುಂಬಯಿಯ ಸಣ್ಣ ಹೋಟೆಲಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಡೊಂಬಿವಲಿಯಲ್ಲಿ ನಮ್ಮದೊಂದು ಉಡುಪಿ ಹೋಟೆಲಿದೆ. 52 ಕುರ್ಚಿ, ಒಂದೇ ದೋಸೆ ಕಾವಲಿ. ಊರಿಂದ ಬಂದು ಹೊಸದಾಗಿ ಹೋಟೆಲು ಹಿಡಿದ ಹುಡುಗರು ಗಲ್ಲಾದ ಹತ್ತಿರ ನಿಂತು ಫೋನ್ ತೋರಿಸುತ್ತಾರೆ: "ಅಣ್ಣ, ಮತ್ತೆ ಎರಡು ಸ್ಟಾರ್ ಕೊಟ್ಟಿದ್ದಾರೆ, ಏನು ಮಾಡುವುದು?" ಅವರು ಹೆಚ್ಚಾಗಿ ಕೇಳಿದ ಪ್ರಶ್ನೆಗಳಿಗೆ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಗೂಗಲ್‌ನಲ್ಲಿ ಬರುವ ವಿಮರ್ಶೆ ಓದಿದರೆ ಸಾಕಲ್ಲವೇ?

ಸಾಲದು. ಅಲ್ಲಿ ಬರೆಯುವವರು ಬಹಳ ಸಿಟ್ಟು ಬಂದವರು, ಇಲ್ಲವೇ ಬಹಳ ಖುಷಿಯಾದವರು. ದಿನಾ ಬಂದು ಇಡ್ಲಿ ತಿಂದು ಲೋಕಲ್ ಹಿಡಿಯಲು ಓಡುವ ಗಿರಾಕಿ ಏನೂ ಬರೆಯುವುದಿಲ್ಲ. ಬೇಸರವಾದರೆ ಎದುರಿನ ಹೋಟೆಲಿಗೆ ಹೋಗುತ್ತಾನೆ, ಅಷ್ಟೆ. ಅವನು ಬಾಯಲ್ಲಿ ಹೇಳುವ ಮಾತು ಸಪ್ಲೈಯರ್ ಕಿವಿಗೆ ಬೀಳುತ್ತದೆ. ಬಾಯಲ್ಲೂ ಹೇಳದಿದ್ದರೆ ತಟ್ಟೆಯಲ್ಲಿ ಉಳಿಯುತ್ತದೆ. ತಟ್ಟೆ ತೊಳೆಯುವ ಹುಡುಗನನ್ನು ಕೇಳಿ ನೋಡಿ. ಯಾವ ದಿನ ಚಟ್ನಿ ಹಾಗೇ ವಾಪಸು ಬಂತು, ಯಾವ ದಿನ ವಡೆಯ ನಡುಭಾಗ ಹಿಟ್ಟುಹಿಟ್ಟಾಗಿ ಉಳಿದಿತ್ತು ಎಂದು ಅವನು ಹೇಳುತ್ತಾನೆ. ನಾನು ಅವನನ್ನು ಕೇಳಲು ಶುರು ಮಾಡಿದ್ದು ಹೋಟೆಲು ಹಿಡಿದು ಆರು ವರ್ಷವಾದ ಮೇಲೆ. ಮೊದಲೇ ಕೇಳಬೇಕಿತ್ತು.

ಹಾಗಾಗಿ ಗೂಗಲ್, ಆರ್ಡರ್ ಆ್ಯಪ್‌ಗಳು, ಸಪ್ಲೈಯರ್ ಕಿವಿ, ತೊಳೆಯಲು ಬಂದ ತಟ್ಟೆ, ಈ ನಾಲ್ಕರಿಂದ ಬಂದದ್ದೂ ಒಂದೇ ಪುಸ್ತಕಕ್ಕೆ ಹೋಗಬೇಕು. ಬೇರೆ ಬೇರೆ ಇಟ್ಟರೆ ಒಂದಕ್ಕೊಂದು ತಾಳೆ ಹಾಕಲಾಗುವುದಿಲ್ಲ.

ಪುಸ್ತಕದಲ್ಲಿ ಏನು ಬರೆಯಬೇಕು?

ವಾರ, ಗಂಟೆ, ತಿಂಡಿ, ಟೇಬಲ್ಲೋ ಪಾರ್ಸೆಲ್ಲೋ ಎಂಬುದು, ಮತ್ತು ಗಿರಾಕಿ ಆಡಿದ ಮಾತು ಇದ್ದ ಹಾಗೆ. ಕೊನೆಯದರಲ್ಲೇ ಹೆಚ್ಚಿನವರು ತಪ್ಪುತ್ತಾರೆ. ಗಿರಾಕಿ ಮರಾಠಿಯಲ್ಲಿ "ಸಾಂಬಾರ್ ಪಾತಳ್ ಆಹೆ" ಎಂದರೆ ನಮ್ಮವರು "ಸಾಂಬಾರ್ ಸರಿ ಇಲ್ಲ" ಎಂದು ಬರೆದಿಡುತ್ತಾರೆ. ಪಾತಳ್ ಎಂದರೆ ನೀರಾಗಿದೆ ಎಂದು. ಆಂಬಟ್ ಎಂದಿದ್ದರೆ ಹುಳಿ. ನೀರಾದದ್ದು ಬೇಳೆಯ ಲೆಕ್ಕ, ಹುಳಿಯಾದದ್ದು ಹುಣಸೆಯ ಲೆಕ್ಕ ಅಥವಾ ಹಳಸಿದ ಲೆಕ್ಕ. "ಸರಿ ಇಲ್ಲ" ಎಂದು ಬರೆದರೆ ಎರಡೂ ಕಳೆದುಹೋಗುತ್ತವೆ.

ಯಾರ ತಪ್ಪು ಎಂಬ ಕಾಲಂ ಮಾತ್ರ ಬೇಡ. ಅದನ್ನು ಹಾಕಿದ ದಿನದಿಂದ ಸಪ್ಲೈಯರ್‌ಗಳು ದೂರು ಹೇಳುವುದನ್ನೇ ಬಿಡುತ್ತಾರೆ.

"ಸರ್ವಿಸ್ ತುಂಬಾ ಸ್ಲೋ" ಎಂದು ಬರೆಯುತ್ತಾರೆ. ಇನ್ನೊಬ್ಬ ಸಪ್ಲೈಯರ್ ಇಡಬೇಕೇ?

ನಾನೂ ಹಾಗೆಯೇ ಅಂದುಕೊಂಡಿದ್ದೆ. ಊರಲ್ಲಿ ಹುಡುಗನನ್ನು ನೋಡಿಯೂ ಆಗಿತ್ತು. ಟಿಕೆಟ್ ತೆಗೆಯುವ ಮೊದಲು ಪುಸ್ತಕ ತೆರೆದೆ.

ನಾಲ್ಕು ವಾರದಲ್ಲಿ ತಡವಾಯಿತು ಎಂಬ ದೂರು ಒಂಬತ್ತು ಇದ್ದವು. ಒಂದರಲ್ಲಿ "ವೇಟರ್ ತಿರುಗಿಯೂ ನೋಡಲಿಲ್ಲ" ಎಂದೂ ಇತ್ತು. ಒಂಬತ್ತರಲ್ಲಿ ಏಳು ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೊಂದರ ಒಳಗಿನವು. ಒಂಬತ್ತರಲ್ಲಿ ಎಂಟು ದೋಸೆಯವು. ಇಡ್ಲಿ-ವಡೆ ತಡವಾಯಿತು ಎಂದವರು ಒಬ್ಬರೇ.

ತಪ್ಪು ಸಪ್ಲೈಯರ್‌ನದಾಗಿದ್ದರೆ ಇಡ್ಲಿಯೂ ತಡವಾಗಬೇಕಿತ್ತು. ಎರಡನ್ನೂ ತರುವವನು ಅವನೇ. ದೋಸೆ ಮಾತ್ರ ತಡವಾಗುತ್ತಿದೆ ಎಂದರೆ ದಾರಿ ಕಟ್ಟಿರುವುದು ಕಾವಲಿಯ ಮುಂದೆ. ಗಿರಾಕಿಗೆ ಅಡುಗೆಮನೆ ಕಾಣುವುದಿಲ್ಲ, ಕಾಣುವುದು ಸಪ್ಲೈಯರ್ ಮುಖ. ಹಾಗಾಗಿ ದೂರು ಅವನ ಮೇಲೆ ಬರುತ್ತದೆ. ಆ ಹುಡುಗನೂ ಹತ್ತು ಸಲ "ಅಭೀ ಲಾತಾ ಹೂಂ" ಎಂದು ಹೇಳಿ ಸಾಕಾಗಿ, ಆ ಟೇಬಲ್ಲಿನ ಕಡೆ ನೋಡುವುದನ್ನೇ ಬಿಟ್ಟಿರುತ್ತಾನೆ. "ತಿರುಗಿಯೂ ನೋಡಲಿಲ್ಲ" ಎಂದದ್ದು ನಿಜವೇ, ಆದರೆ ಅದು ರೋಗವಲ್ಲ, ರೋಗದ ಲಕ್ಷಣ.

ಊಹೆ ಸಾಲದು, ಅಳೆಯಬೇಕು. ಅಡುಗೆಮನೆಗೆ ಹೋಗುವ ಆರ್ಡರಿನ ಚೀಟಿ, ಅಂದರೆ ಕೆಒಟಿಯ ಮೇಲೆ ಆರ್ಡರ್ ಹೋದ ಸಮಯ ಅಚ್ಚಾಗಿರುತ್ತದೆ. ತಟ್ಟೆ ಇಡುವಾಗಿನ ಸಮಯವನ್ನು ಅದೇ ಚೀಟಿಯ ಹಿಂದೆ ಪೆನ್ನಿನಲ್ಲಿ ಬರೆಯಲು ಹುಡುಗರಿಗೆ ಹೇಳಿದೆ. ಎರಡು ಭಾನುವಾರದ ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡು ಸೋಮವಾರ ಮಧ್ಯಾಹ್ನ ಕೂತು ನೋಡಿದೆ. ಇಡ್ಲಿ ನಾಲ್ಕೈದು ನಿಮಿಷದಲ್ಲಿ ಟೇಬಲ್ ಮುಟ್ಟಿತ್ತು. ಹತ್ತೂವರೆಗೆ ಹೇಳಿದ ದೋಸೆಗೆ ನಲ್ವತ್ತು ನಿಮಿಷ ಹಿಡಿದಿತ್ತು.

ಕಾವಲಿಯ ಲೆಕ್ಕ ಹಾಕುವುದು ಹೇಗೆ?

ನಮ್ಮ ಕಾವಲಿ ಮೂರು ಅಡಿ ಉದ್ದ, ಎರಡು ಅಡಿ ಅಗಲ. ಒಂದು ಸುತ್ತಿಗೆ ಆರು ಮಸಾಲೆ ದೋಸೆ ಕೂರುತ್ತದೆ. ನೀರು ಚಿಮುಕಿಸಿ ಒರೆಸಿ, ಹಿಟ್ಟು ಹುಯ್ದು, ಎಣ್ಣೆ ಬಿಟ್ಟು, ಪಲ್ಯ ಇಟ್ಟು ಮಡಚಿ ತೆಗೆಯುವಷ್ಟರಲ್ಲಿ ಆರು ನಿಮಿಷ. ಗಂಟೆಗೆ ಹತ್ತು ಸುತ್ತು, ಅಂದರೆ 60 ದೋಸೆ. ಭಟ್ಟರು ಎಷ್ಟೇ ಚುರುಕಾಗಿದ್ದರೂ ಇದಕ್ಕಿಂತ ಹೆಚ್ಚು ಬರುವುದಿಲ್ಲ. ಬೆಂಕಿ ಜಾಸ್ತಿ ಮಾಡಿದರೆ ಹಿಟ್ಟು ಹರಡುವ ಮೊದಲೇ ಹಿಡಿದುಕೊಳ್ಳುತ್ತದೆ, ದೋಸೆ ಮೇಲೆ ಕಪ್ಪು, ಒಳಗೆ ಹಸಿ.

ಈಗ ಬೇಡಿಕೆ ನೋಡಿ. ಭಾನುವಾರ ಒಂಬತ್ತೂವರೆಯಿಂದ ಹತ್ತೂವರೆಯೊಳಗೆ 84 ದೋಸೆ ಆರ್ಡರ್ ಆಗಿದ್ದವು. ಅದರಲ್ಲಿ 11 ಪೇಪರ್ ದೋಸೆ, ಎಲ್ಲವೂ ಟೇಬಲ್ಲಿನವು. ಒಂದು ಪೇಪರ್ ದೋಸೆ ಕಾವಲಿಯಲ್ಲಿ ಎರಡು ದೋಸೆಯ ಜಾಗ ತಿನ್ನುತ್ತದೆ. ಆಗ ಲೆಕ್ಕ 84 ಅಲ್ಲ, 95. ಕಾವಲಿ ಕೊಡುವುದು 60. ಉಳಿದ 35 ಸಾಲಿನಲ್ಲಿ ನಿಂತಿರುತ್ತವೆ. ನಿಮಿಷಕ್ಕೆ ಒಂದರಂತೆ ಇಳಿದರೂ ಹತ್ತೂವರೆಗೆ ಬಂದವನ ಸರದಿ 35 ನಿಮಿಷದ ನಂತರ, ಮೇಲೆ ಅವನ ದೋಸೆ ಬೇಯುವ ಹೊತ್ತು. ಚೀಟಿಯಲ್ಲಿ ಕಂಡ ನಲ್ವತ್ತು ನಿಮಿಷಕ್ಕೆ ಇದು ಸರಿಯಾಗಿ ಕೂತಿತು. ಸಪ್ಲೈಯರ್‌ಗಳನ್ನು ನಾಲ್ಕು ಮಂದಿ ಹೆಚ್ಚಿಗೆ ಇಟ್ಟಿದ್ದರೂ ಈ ಸಾಲು ಕರಗುತ್ತಿರಲಿಲ್ಲ.

ಗೊತ್ತಾದ ಮೇಲೆ ಮೆನುವಿನಲ್ಲಿ ಏನು ಬದಲಾಯಿಸಿದಿರಿ?

ಭಾನುವಾರ ಒಂಬತ್ತೂವರೆಯಿಂದ ಹನ್ನೊಂದರವರೆಗೆ ಪೇಪರ್ ದೋಸೆ ಇಲ್ಲ ಎಂದು ಬೋರ್ಡ್ ಹಾಕಿದೆವು. ಅದನ್ನು ಕೇಳಿದವರು ಮಸಾಲೆಯನ್ನೋ ಸಾದಾವನ್ನೋ ತಿಂದರು. 95 ಇದ್ದದ್ದು 84ಕ್ಕೆ ಇಳಿಯಿತು. ಆ ಗಂಟೆಯಲ್ಲಿ ಆ್ಯಪ್‌ಗಳಿಂದ ಬರುತ್ತಿದ್ದ ದೋಸೆ 18. ಅದೇ ಹೊತ್ತಿಗೆ ಆ್ಯಪ್‌ನಲ್ಲಿ ದೋಸೆಗಳನ್ನು ಮಾತ್ರ "ಸ್ಟಾಕ್ ಇಲ್ಲ" ಎಂದು ಮುಚ್ಚಿ, ಇಡ್ಲಿ, ವಡೆ, ಉಪ್ಪಿಟ್ಟು ತೆರೆದಿಟ್ಟೆವು. ಉಳಿದದ್ದು 66. ಆರು ನಿಮಿಷದ ಸಾಲು, ಅದನ್ನು ಗಿರಾಕಿ ಸಹಿಸುತ್ತಾನೆ.

ಮೂರನೆಯದು ಮಾತು. ದೋಸೆ ಹೇಳಿದ ತಕ್ಷಣ ಸಪ್ಲೈಯರ್ "ದೋಸೆಗೆ ಹದಿನೈದು ನಿಮಿಷ, ಇಡ್ಲಿ-ವಡೆ ಈಗಲೇ ಇದೆ" ಎಂದು ಹೇಳಬೇಕು. ಮಕ್ಕಳನ್ನು ಕರೆದುಕೊಂಡು ಬಂದವರು ಮಕ್ಕಳಿಗೆ ಇಡ್ಲಿ ತರಿಸಿ, ತಾವು ಕಾಯುತ್ತಾರೆ. "ಅಭೀ ಲಾತಾ ಹೂಂ" ಎನ್ನುವುದನ್ನು ನಿಲ್ಲಿಸಿದೆವು.

ಮುಂದಿನ ನಾಲ್ಕು ವಾರದಲ್ಲಿ ತಡದ ದೂರು ಎರಡು. ಹತ್ತೂವರೆಯ ಕಾಯುವಿಕೆ ಹದಿನೈದು ನಿಮಿಷದ ಆಸುಪಾಸಿಗೆ ಬಂತು. ಪಾರ್ಸೆಲ್ ದೋಸೆಯ ವ್ಯಾಪಾರ ಆ ಹೊತ್ತಿಗೆ ಹೋದದ್ದು ನಿಜವಾದ ನಷ್ಟ. ಟೇಬಲ್ ಬೇಗ ಖಾಲಿಯಾಗಿ ಹೊರಗೆ ನಿಂತವರು ಒಳಗೆ ಬಂದದ್ದರಿಂದ ಅದು ತುಂಬಿಬಂತು. ಹೊರಗೆ ಯಾರೂ ಕಾಯದ ಹೋಟೆಲಿನಲ್ಲಿ ಪಾರ್ಸೆಲ್ ಮುಚ್ಚಬೇಡಿ, ಬರೀ ನಷ್ಟವಾಗುತ್ತದೆ.

ಎರಡನೇ ಕಾವಲಿ ಹಾಕಿದ್ದರೆ ಮುಗಿಯುತ್ತಿತ್ತಲ್ಲ?

ಜಾಗ, ಗ್ಯಾಸ್, ಹೊಗೆ ಹೋಗುವ ಚಿಮಣಿ, ಇನ್ನೊಬ್ಬ ದೋಸೆ ಭಟ್ಟರು, ಎಲ್ಲ ವಾರಕ್ಕೆ ಒಂದೂವರೆ ಗಂಟೆಯ ಸಲುವಾಗಿ. ದೂರು ವಾರದ ಐದಾರು ದಿನವೂ ಬರುತ್ತಿದ್ದರೆ ಹಾಕಿಸುತ್ತಿದ್ದೆ.

ಪಾರ್ಸೆಲ್ ದೋಸೆ ಮೆತ್ತಗಾಯಿತು, ರಬ್ಬರಿನ ಹಾಗೆ ಎಳೆಯುತ್ತದೆ ಎನ್ನುತ್ತಾರೆ. ಹಿಟ್ಟಿನ ತಪ್ಪೇ?

ಮೊದಲು ಟೇಬಲ್ಲಿನ ದೋಸೆಗೂ ಅದೇ ದೂರು ಇದೆಯೇ ನೋಡಿ. ಇದ್ದರೆ ಹಿಟ್ಟು ಅಥವಾ ಕಾವಲಿ. ಪಾರ್ಸೆಲ್‌ಗೆ ಮಾತ್ರ ಇದ್ದರೆ ಡಬ್ಬಿ.

ದೋಸೆ ಗರಿಯಾಗಿರುವುದು ಅದರ ಕೆಳಪದರ ಒಣಗಿರುವುದರಿಂದ. ಬಿಸಿ ದೋಸೆಯನ್ನು ಮುಚ್ಚಳದ ಡಬ್ಬಿಗೆ ಹಾಕಿದರೆ ಅದರದ್ದೇ ಹಬೆ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ದೋಸೆಯ ಮೇಲೆಯೇ ಬೀಳುತ್ತದೆ. ಒಳಗೆ ಬಿಸಿ ಆಲೂಗಡ್ಡೆ ಪಲ್ಯ ಬೇರೆ, ಅದರ ಪಸೆಯೂ ಸೇರುತ್ತದೆ. ಸಂಶಯವಿದ್ದರೆ ಒಂದು ದೋಸೆ ಪ್ಯಾಕ್ ಮಾಡಿಸಿ ಗಲ್ಲಾದಲ್ಲೇ ಇಟ್ಟುಕೊಂಡು ಇಪ್ಪತ್ತೈದು ನಿಮಿಷದ ನಂತರ ನೀವೇ ತಿಂದು ನೋಡಿ. ನಾನು ತಿಂದೆ. ಬರೆದವರ ಮೇಲಿದ್ದ ಸಿಟ್ಟು ಅಲ್ಲಿಗೇ ಇಳಿಯಿತು.

ನಾವು ಮಾಡಿದ್ದು ಇಷ್ಟು. ದೋಸೆಯನ್ನು ಸ್ವಲ್ಪ ಕಡಿಮೆ ಉರಿಯಲ್ಲಿ ಅರ್ಧ ನಿಮಿಷ ಹೆಚ್ಚು ಬಿಟ್ಟು, ತೆಗೆದ ಮೇಲೆ ತಂತಿ ಜಾಲರಿಯ ಮೇಲೆ ಒಂದು ನಿಮಿಷ ಹಬೆ ಹೋಗಲು ಇಡುತ್ತೇವೆ. ಪಲ್ಯ ಬೇರೆ ಕಟ್ಟುತ್ತೇವೆ. ಅಲ್ಯೂಮಿನಿಯಂ ಹಾಳೆ ಬಿಟ್ಟು ಬಟರ್ ಪೇಪರಿನಲ್ಲಿ ಸುತ್ತಿ, ತೂತು ಮಾಡಿದ ರಟ್ಟಿನ ಡಬ್ಬಿಗೆ ಹಾಕುತ್ತೇವೆ. ಇದರಿಂದ ಹದಿನೈದು ನಿಮಿಷದ ದಾರಿಗೆ ದೋಸೆ ಚೆನ್ನಾಗಿ ಉಳಿಯುತ್ತದೆ. ಅರ್ಧ ಗಂಟೆಯ ದಾರಿಗೆ ಯಾವ ಉಪಾಯವೂ ನಡೆಯುವುದಿಲ್ಲ. ಮಳೆಗಾಲದಲ್ಲಂತೂ ಗಾಳಿಯಲ್ಲೇ ನೀರಿರುತ್ತದೆ.

ಹಾಗಾಗಿ ದೂರು ನಮಗೆ ಕಲಿಸಿದ್ದು ಇನ್ನೊಂದು: ಮೆತ್ತಗೆ ಇರಬೇಕಾದ ದೋಸೆಯನ್ನೇ ಪಾರ್ಸೆಲ್‌ಗೆ ಮಾರಿ. ಸೆಟ್ ದೋಸೆಯನ್ನು ಇಲ್ಲಿನವರು ಸ್ಪಂಜ್ ದೋಸೆ ಎನ್ನುತ್ತಾರೆ. ಆ್ಯಪ್‌ನಲ್ಲಿ ಆ ಹೆಸರಿನಲ್ಲೇ ಹಾಕಿ ಪಟ್ಟಿಯ ಮೇಲಕ್ಕೆ ತಂದೆವು, ಜೊತೆಗೆ ನೀರುದೋಸೆ. ಹಬೆ ಅವಕ್ಕೆ ಅಷ್ಟೇನೂ ಕೆಡುಕು ಮಾಡುವುದಿಲ್ಲ. ಪೇಪರ್ ದೋಸೆಯನ್ನು ಪಾರ್ಸೆಲ್ ಪಟ್ಟಿಯಿಂದ ಪೂರ್ತಿ ತೆಗೆದೆವು.

ಚಟ್ನಿ ಹುಳಿಯಾಗಿದೆ ಎಂಬ ದೂರು ಬಂದರೆ?

ಗಂಟೆ ನೋಡಿ. ನಮ್ಮಲ್ಲಿ ಬಂದದ್ದೆಲ್ಲ ಮಧ್ಯಾಹ್ನ ಒಂದರ ನಂತರ, ಹೆಚ್ಚಾಗಿ ಏಪ್ರಿಲ್-ಮೇ ತಿಂಗಳಲ್ಲಿ. ಬೆಳಿಗ್ಗೆ ಆರಕ್ಕೆ ಕಡೆದ ತೆಂಗಿನಕಾಯಿ ಚಟ್ನಿ ಕೌಂಟರ್ ಮೇಲೆ ಹಾಗೇ ಇರುತ್ತಿತ್ತು. 5 ಡಿಗ್ರಿಯಿಂದ 60 ಡಿಗ್ರಿಯೊಳಗಿನ ಶಾಖದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಮುಂಬಯಿಯ ಬೇಸಿಗೆಯ ಅಡುಗೆಮನೆ ಅವಕ್ಕೆ ಹೇಳಿ ಮಾಡಿಸಿದ ಜಾಗ.

ಆದರೆ ಎರಡು ಸಲ ಕಡೆಯಲು ಶುರು ಮಾಡಿದ ಮೇಲೂ ದೂರು ನಿಲ್ಲಲಿಲ್ಲ. ಒಂದು ದಿನ ಹನ್ನೊಂದು ಗಂಟೆಗೆ ಅಡುಗೆಮನೆಯಲ್ಲೇ ನಿಂತು ನೋಡಿದೆ. ಹಳೆಯ ಪಾತ್ರೆಯ ತಳದಲ್ಲಿ ಉಳಿದ ಎರಡು ಸೌಟು ಚಟ್ನಿಯ ಮೇಲೆಯೇ ಹೊಸತನ್ನು ಸುರಿದರು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಆಯಿತು. ಕಾಯಿ ಹಾಳು ಮಾಡಬಾರದು ಎಂಬ ಒಳ್ಳೆಯ ಬುದ್ಧಿಯಿಂದ ಭಟ್ಟರು ಮಾಡುತ್ತಿದ್ದದ್ದು, ಬೈಯುವ ಮಾತೇ ಅಲ್ಲ. ಈಗ ಆರೂವರೆ, ಹತ್ತೂವರೆ, ನಾಲ್ಕು ಗಂಟೆಗೆ ಸ್ವಲ್ಪ ಸ್ವಲ್ಪವೇ ಕಡೆಯುತ್ತೇವೆ. ಪಾತ್ರೆ ಬದಲು, ಸೌಟು ಬದಲು, ಮಂಜುಗಡ್ಡೆಯ ಬೋಗುಣಿಯಲ್ಲಿ ಪಾತ್ರೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡರೆ ಮೂಸಿ ನೋಡುವ ಅಗತ್ಯವೂ ಇಲ್ಲ, ಚೆಲ್ಲುವುದೇ.

ಸಾಂಬಾರ್ ಸಿಹಿ ಎನ್ನುತ್ತಾರೆ. ಬೆಲ್ಲ ಬಿಡಬೇಕೇ?

ಬಿಡಬೇಡಿ. ಉಡುಪಿ ಸಾಂಬಾರಿನಲ್ಲಿ ಬೆಲ್ಲ ಇರುವುದೇ. ತಮಿಳು ಕಡೆಯ ರುಚಿ ಹಿಡಿದವರಿಗೆ ಸಿಹಿ ಅನ್ನಿಸುತ್ತದೆ, ಇಲ್ಲಿನ ಗುಜರಾತಿ ಗಿರಾಕಿಗೆ ಅದೇ ಇಷ್ಟ. ಒಂದು ದೂರಿಗೆ ಬೆಲ್ಲ ಕಡಿಮೆ, ಇನ್ನೊಂದಕ್ಕೆ ಜಾಸ್ತಿ ಎಂದು ಕುಣಿದರೆ ದಿನಾ ಬರುವವನಿಗೆ ದಿನಕ್ಕೊಂದು ರುಚಿ ಸಿಗುತ್ತದೆ, ಅದು ಎಲ್ಲಕ್ಕಿಂತ ಕೆಟ್ಟದ್ದು.

ಎರಡು ಬಗೆಯ ದೂರನ್ನು ಬೇರೆ ಮಾಡಿ. "ನಮಗೆ ಸಿಹಿ ಸಾಂಬಾರ್ ಹಿಡಿಸುವುದಿಲ್ಲ" ಎಂಬುದು ಅವರ ಇಷ್ಟ. ಸಿಹಿ ಇರುತ್ತದೆ ಎಂದು ಸಪ್ಲೈಯರ್ ಮೊದಲೇ ಹೇಳಿದರೆ ಸಾಕು. "ಹೋದ ಸಲದ ಹಾಗೆ ಇಲ್ಲ" ಎಂಬುದು ನಮ್ಮ ತಪ್ಪು. ಈ ಮಾತು ಬಂದಾಗ ಭಟ್ಟರ ರಜೆಯ ದಿನದ ಜೊತೆ ತಾಳೆ ನೋಡಿ. ನಮ್ಮಲ್ಲಿ ಮೂರರಲ್ಲಿ ಮೂರೂ ಹೊಂದಿಬಿಟ್ಟವು. ಅಂದಾಜಿನ ಮುಷ್ಟಿಯನ್ನು ಬಿಟ್ಟು ಬೆಲ್ಲ, ಹುಣಸೆ, ಉಪ್ಪನ್ನು ತೂಗಿ ಒಂದು ಹಾಳೆಯಲ್ಲಿ ಬರೆದು ಒಲೆಯ ಹತ್ತಿರ ಅಂಟಿಸಿದೆವು. ಭಟ್ಟರಿಗೆ ಮೊದಲು ಬೇಸರವಾಯಿತು. "ನೀವು ಊರಿಗೆ ಹೋದಾಗಲೂ ನಿಮ್ಮ ಕೈರುಚಿಯೇ ಇಲ್ಲಿರಬೇಕು ಭಟ್ರೇ" ಎಂದ ಮೇಲೆ ತಾವೇ ಕೂತು ತೂಗಿಕೊಟ್ಟರು.

ಎಷ್ಟು ದೂರು ಬಂದ ಮೇಲೆ ಬದಲಾಯಿಸಬೇಕು?

ರುಚಿ, ತಡ, ಬೆಲೆ ಇಂಥವಕ್ಕೆ ಒಂದೇ ತಿಂಡಿ, ಒಂದೇ ಹೊತ್ತಿನ ದೂರು ತಿಂಗಳಲ್ಲಿ ಮೂರು ಬಂದರೆ ನಾನು ಹುಡುಕಲು ಇಳಿಯುತ್ತೇನೆ. ಕೆಲವಕ್ಕೆ ಒಂದೇ ಸಾಕು. ಜೈನ ದೋಸೆಯಲ್ಲಿ ಈರುಳ್ಳಿಯ ಚೂರು ಸಿಕ್ಕಿತು ಎಂದು ಒಬ್ಬರು ಹೇಳಿದರೂ ಅದೇ ದಿನ ಸರಿಯಾಗಬೇಕು. ಅವರಿಗೆ ಅದು ರುಚಿಯ ಮಾತಲ್ಲ, ವ್ರತದ ಮಾತು. ನಮ್ಮಲ್ಲಿ ಕಾರಣ ಕಾವಲಿ ಒರೆಸುವ ಅರ್ಧ ಈರುಳ್ಳಿ. ಜೈನ ಆರ್ಡರ್ ಬಂದಾಗ ಕಾವಲಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೇರೆ ಸೌಟು ತೆಗೆದುಕೊಳ್ಳುವುದು ಈಗ ನಿಯಮ. ಕಲ್ಲು, ಕೂದಲು, ಅಲರ್ಜಿ, ಹೊಟ್ಟೆ ಕೆಟ್ಟದ್ದು, ಇವೂ ಒಂದೇ ದೂರಿನ ಸಾಲಿಗೆ ಸೇರುತ್ತವೆ.

ನಮ್ಮಲ್ಲಿ ತಿಂದು ಹೊಟ್ಟೆ ಕೆಟ್ಟಿತು ಎಂದರೆ ಏನು ಹೇಳುವುದು?

ವಾದ ಮಾಡಬೇಡಿ, ಒಪ್ಪಿಕೊಳ್ಳುವ ಅವಸರವೂ ಬೇಡ. ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿ. ಏನು ತಿಂದರು, ಎಷ್ಟು ಗಂಟೆಗೆ, ವಾಂತಿ ಅಥವಾ ಭೇದಿ ಯಾವಾಗ ಶುರುವಾಯಿತು, ಜೊತೆಗಿದ್ದವರಿಗೂ ಆಯಿತೇ, ಇಷ್ಟು ಬರೆದುಕೊಳ್ಳಿ. ಕೆಲವು ರೋಗಾಣುಗಳು ಒಂದೆರಡು ಗಂಟೆಯಲ್ಲೇ ವಾಂತಿ ತರಿಸುತ್ತವೆ, ಕೆಲವು ಒಂದೆರಡು ದಿನ ಕಳೆದು ತೋರಿಸುತ್ತವೆ. ಆದ್ದರಿಂದ ಕೊನೆಗೆ ತಿಂದದ್ದೇ ಕಾರಣ ಎಂದು ಹೇಳಲಾಗುವುದಿಲ್ಲ. ನಮ್ಮದಲ್ಲ ಎಂದೂ ಹೇಳಲಾಗುವುದಿಲ್ಲ. ಆ ದಿನದ ಅದೇ ಹಂಡೆಯದು ಉಳಿದಿದ್ದರೆ ಮಾರುವುದು ನಿಲ್ಲಿಸಿ, ಸ್ವಲ್ಪವನ್ನು ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿ ತೆಗೆದಿಡಿ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕೊಟ್ಟ ನಂಬರ್ ಇರಲೇಬೇಕು. ಅದನ್ನು ಹಿಡಿದು ಗಿರಾಕಿ ಸರ್ಕಾರಕ್ಕೆ ದೂರು ಕೊಡಬಹುದು, ಅದು ಅವರ ಹಕ್ಕು. ವಿಚಾರಣೆ ಬಂದರೆ ನೀವು ಬರೆದಿಟ್ಟದ್ದೇ ಕೆಲಸಕ್ಕೆ ಬರುತ್ತದೆ.

ಗೂಗಲ್‌ನಲ್ಲಿ ಉತ್ತರ ಹೇಗೆ ಬರೆಯುವುದು?

ಚಿಕ್ಕದಾಗಿ, ತಿಂಡಿಯ ಹೆಸರು ಹಿಡಿದು, ಏನು ಕಂಡಿತು, ಏನು ಬದಲಾಯಿತು ಎಂದು. "ಭಾನುವಾರ ನಿಮ್ಮ ದೋಸೆ ತಡವಾದದ್ದು ನಿಜ, ಕ್ಷಮಿಸಿ. ಆ ಹೊತ್ತಿಗೆ ಕಾವಲಿಗೆ ತಾಳುವುದಕ್ಕಿಂತ ಹೆಚ್ಚು ಆರ್ಡರ್ ತೆಗೆದುಕೊಳ್ಳುತ್ತಿದ್ದೆವು. ಈಗ ಆ ಒಂದೂವರೆ ಗಂಟೆ ಪಾರ್ಸೆಲ್ ದೋಸೆ ನಿಲ್ಲಿಸಿದ್ದೇವೆ." ಮರಾಠಿಯಲ್ಲಿ ಬರೆದವರಿಗೆ ಮರಾಠಿಯಲ್ಲೇ ಬರೆಯಿರಿ, ಬಾರದಿದ್ದರೆ ಮನೆಯ ಮಕ್ಕಳಿಂದ ಬರೆಸಿ. ಎಲ್ಲರಿಗೂ ಒಂದೇ ವಾಕ್ಯ ಅಂಟಿಸಿದರೆ ಓದುವವರಿಗೆ ತಿಳಿಯುತ್ತದೆ. ಬದಲಾವಣೆ ಮಾಡುವ ಮೊದಲು "ಬದಲಿಸಿದ್ದೇವೆ" ಎಂದು ಬರೆಯಬೇಡಿ.

ಬಾರದವರು ಬಂದೆ ಎಂದು ಬರೆದರೆ? ಒಳ್ಳೆಯ ವಿಮರ್ಶೆಗೆ ಕಾಫಿ ಉಚಿತ ಕೊಡಬಹುದೇ?

ಆ ದಿನದ ಬಿಲ್ಲು ಮೊದಲು ನೋಡಿ. ನಮ್ಮ ಮೆನುವಿನಲ್ಲೇ ಇಲ್ಲದ ತಿಂಡಿಯ ಹೆಸರಿದ್ದರೆ ಗೂಗಲ್‌ಗೆ ವರದಿ ಮಾಡಿ. ನಮಗೆ ಒಪ್ಪಿಗೆಯಿಲ್ಲ ಎಂಬ ಕಾರಣಕ್ಕೆ ಅವರು ತೆಗೆಯುವುದಿಲ್ಲ, ನಿಯಮ ಮುರಿದಿದ್ದರೆ ಮಾತ್ರ. ವಿಮರ್ಶೆಗೆ ಬದಲಾಗಿ ಕಾಫಿಯೋ ರಿಯಾಯಿತಿಯೋ ಕೊಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ನಿಯಮ ಇಲ್ಲದಿದ್ದರೂ ನಾನು ಕೊಡುತ್ತಿರಲಿಲ್ಲ. ಹೊಗಳಿಕೆ ತುಂಬಿದ ಪುಸ್ತಕದಿಂದ ಚಟ್ನಿಯ ತಪ್ಪು ನಮಗೆ ಸಿಗುತ್ತಿರಲಿಲ್ಲ.

ದೂರು ಬಂದ ಹುಡುಗನ ಸಂಬಳದಲ್ಲಿ ಹಿಡಿಯಬೇಕೇ?

ಬೇಡ. ಮಧ್ಯಾಹ್ನ ಮೂರೂವರೆಗೆ ಹೋಟೆಲು ಖಾಲಿಯಿರುವಾಗ ಎಲ್ಲರಿಗೂ ಚಹಾ ಕೊಟ್ಟು ವಾರದ ದೂರುಗಳನ್ನು ಹೆಸರು ಹೇಳದೆ ಓದುತ್ತೇನೆ, ಹಿಂದಿಯಲ್ಲಿ, ಯಾಕೆಂದರೆ ಹುಡುಗರು ಹೆಚ್ಚಿನವರು ಈಗ ನಮ್ಮೂರಿನವರಲ್ಲ. ಕಾರಣ ಅವರೇ ಹೇಳುತ್ತಾರೆ. ಈರುಳ್ಳಿಯಿಂದ ಕಾವಲಿ ಒರೆಸುವುದನ್ನು ತೋರಿಸಿಕೊಟ್ಟವನು ನೀರು ಕೊಡುವ ಹುಡುಗ.

ಹಳೆಯ ಪುಸ್ತಕವನ್ನು ಎಷ್ಟು ದಿನ ಇಟ್ಟುಕೊಳ್ಳಬೇಕು?

ಕನಿಷ್ಠ ಎರಡು ವರ್ಷ, ಯಾಕೆಂದರೆ ಕೆಲವು ದೂರುಗಳು ಋತು ಹಿಡಿದು ಬರುತ್ತವೆ. "ಇಡ್ಲಿ ಗಟ್ಟಿ" ಎಂಬ ಮಾತು ನಮ್ಮಲ್ಲಿ ಎರಡು ವರ್ಷವೂ ಜನವರಿಯಲ್ಲೇ ಬಂದಿತ್ತು. ಆ ತಿಂಗಳು ಡೊಂಬಿವಲಿಯ ರಾತ್ರಿ ತಣ್ಣಗಿರುತ್ತದೆ, ಹಿಟ್ಟು ಬೆಳಗಿನೊಳಗೆ ಉಬ್ಬುವುದಿಲ್ಲ. ಮೂರನೇ ವರ್ಷ ಡಿಸೆಂಬರ್ ಕೊನೆಗೇ ಅಕ್ಕಿ-ಉದ್ದು ನೆನೆಸುವುದನ್ನು ಎರಡು ಗಂಟೆ ಮುಂಚೆ ಮಾಡಿದೆವು, ಕಡೆದ ಹಿಟ್ಟಿನ ಪಾತ್ರೆಯನ್ನು ಆರಿಸಿದ ಒಲೆಯ ಪಕ್ಕಕ್ಕೆ ಸರಿಸಿದೆವು. ಆ ಜನವರಿಯ ಪುಟದಲ್ಲಿ ಇಡ್ಲಿಯ ಹೆಸರಿಲ್ಲ.